ನಾಲ್ಕು ಕಾಲಿನ ಆಪ್ಷನ್ ವ್ಯವಹಾರಕ್ಕೆ ಸ್ಟ್ರೈಕ್ ಆರಿಸುವಾಗ ಬಿಡ್-ಆಸ್ಕ್ ಅಂತರವನ್ನು ನೋಡಬೇಕೇ, ಓಪನ್ ಇಂಟರೆಸ್ಟ್ ನೋಡಬೇಕೇ?

"ಐರನ್ ಕಾಂಡೋರ್ ಹಾಕುವಾಗ ಓಪನ್ ಇಂಟರೆಸ್ಟ್ ಜಾಸ್ತಿ ಇದ್ದರೆ ಸಾಕಾ, ಬಿಡ್-ಆಸ್ಕ್ ಕೂಡ ನೋಡಬೇಕಾ? ಎಷ್ಟಿದ್ದರೆ ಸರಿ?"

ಮೊದಲ ಜರಡಿ ಓಪನ್ ಇಂಟರೆಸ್ಟ್, ಆದರೆ ತೀರ್ಮಾನ ಅಂತರದ್ದು. ಓಪನ್ ಇಂಟರೆಸ್ಟ್ ಎಂಬುದು ಇನ್ನೂ ಮುಗಿಯದ ಒಪ್ಪಂದಗಳ ಸಂಖ್ಯೆ ಮಾತ್ರ. ಅವುಗಳಲ್ಲಿ ಎಷ್ಟೋ ವಾರಗಳ ಹಿಂದೆ ಬಂದು ಸುಮ್ಮನೆ ಕುಳಿತಿರಬಹುದು. ಈ ಕ್ಷಣ ನಿಮ್ಮೊಡನೆ ವ್ಯವಹರಿಸಲು ಎದುರಿಗೆ ಯಾರಾದರೂ ಇದ್ದಾರೆಯೇ ಎಂಬುದನ್ನು ಅಂತರ ಹೇಳುತ್ತದೆ.

ಲೆಕ್ಕಕ್ಕಾಗಿ, 1,500 ರೂಪಾಯಿಯ, 500ರ ಲಾಟ್ ಇರುವ ಒಂದು ಷೇರನ್ನು ಊಹಿಸಿಕೊಳ್ಳಿ. 1560 ಕಾಲ್ (14.00/14.60) ಮತ್ತು 1440 ಪುಟ್ (13.00/13.80) ಮಾರುತ್ತೀರಿ, ರಕ್ಷಣೆಗೆ 1600 ಕಾಲ್ (6.00/6.40) ಕೊಳ್ಳುತ್ತೀರಿ. ಕೆಳಗಿನ ರಕ್ಷಣೆಗೆ ಎರಡು ಆಯ್ಕೆಗಳಿವೆ: 1390 ಪುಟ್‌ನಲ್ಲಿ 90 ಒಪ್ಪಂದಗಳು, ಬೆಲೆ 4.00/6.20, 1400 ಪುಟ್‌ನಲ್ಲಿ 1,200 ಒಪ್ಪಂದಗಳು, ಬೆಲೆ 5.50/5.90. ನಡುಬೆಲೆಯಲ್ಲಿ ಲೆಕ್ಕ ಹಾಕಿದರೆ 1390 ಆರಿಸಿದಾಗ ಕೈಗೆ 16.40 ಬರುತ್ತದೆ, 1400ರಲ್ಲಿ 15.80 ಮಾತ್ರ. ಆದರೆ ನಿಜವಾಗಿ ಬಿಡ್‌ಗೆ ಮಾರಿ ಆಸ್ಕ್‌ಗೆ ಕೊಂಡರೆ 1390ರಲ್ಲಿ ಸಿಗುವುದು 14.40, 1400ರಲ್ಲಿ 14.70, ಅದರ ಮೇಲೆ 1400ರಲ್ಲಿ ಸ್ಟ್ರೈಕ್‌ಗಳ ನಡುವಿನ ಅಗಲವೂ ಕಡಿಮೆ, ಅಂದರೆ ಗರಿಷ್ಠ ನಷ್ಟವೂ ಕಡಿಮೆ. ಹೊರಬರುವಾಗಲೂ ಅಂತರಗಳು ಹೀಗೇ ಇದ್ದರೆ ಹೋಗಿಬರುವ ಖರ್ಚು, ನಾಲ್ಕು ಅಂತರಗಳ ಮೊತ್ತದಷ್ಟು: ಒಂದರಲ್ಲಿ 4.00, ಲಾಟಿಗೆ 2,000 ರೂಪಾಯಿ, ಇನ್ನೊಂದರಲ್ಲಿ 2.20, ಅಂದರೆ 1,100.

ಹೀಗಾಗಿ ನಾನು ನಾಲ್ಕು ಅಂತರಗಳ ಮೊತ್ತ, ನಡುಬೆಲೆಯಲ್ಲಿ ಕೈಗೆ ಬರುವ ನಿವ್ವಳ ಪ್ರೀಮಿಯಂನ ಶೇ. 15 ದಾಟಿದರೆ ಆ ರಚನೆಯನ್ನೇ ಬಿಡುತ್ತೇನೆ. ಇಲ್ಲಿ 1400ಕ್ಕೆ ಶೇ. 14, 1390ಕ್ಕೆ ಶೇ. 24. ಇದು ನನ್ನ ಅಳತೆ, ವಿನಿಮಯ ಕೇಂದ್ರದ ನಿಯಮವಲ್ಲ. ಒಂದೊಂದು ಕಾಲಿಗೆ ಪ್ರತ್ಯೇಕವಾಗಿ ಶೇಕಡಾವಾರು ನೋಡುವುದು ಅಗ್ಗದ ಆಪ್ಷನ್‌ಗಳಲ್ಲಿ ದಾರಿ ತಪ್ಪಿಸುತ್ತದೆ: 50 ಪೈಸೆಯ ಆಪ್ಷನ್‌ಗೆ 5 ಪೈಸೆಯ ಅಂತರವೇ ಶೇ. 10.

ಓಪನ್ ಇಂಟರೆಸ್ಟ್ ನೋಡುವಾಗ ಒಂದು ಎಚ್ಚರ: ಎನ್‌ಎಸ್‌ಇ ಆಪ್ಷನ್ ಚೈನ್‌ನಲ್ಲಿ ಅದು ಒಪ್ಪಂದಗಳ ಲೆಕ್ಕದಲ್ಲಿರುತ್ತದೆ, ಕೆಲವು ಬ್ರೋಕರ್ ಪರದೆಗಳಲ್ಲಿ ಷೇರುಗಳ ಲೆಕ್ಕದಲ್ಲಿ. ಅದೇ ಸಾಲಿನಲ್ಲಿ ಆ ದಿನದ ವಹಿವಾಟನ್ನೂ ನೋಡಿ. ಅದು ಖಾಲಿ ಇದ್ದರೆ ಓಪನ್ ಇಂಟರೆಸ್ಟ್ ಎಷ್ಟಿದ್ದರೂ ನನಗೆ ಬೇಡ. ಬೆಳಗ್ಗೆ 9.15ರಿಂದ ಮೊದಲ ಅರ್ಧ ಗಂಟೆಯ ಅಂತರಗಳನ್ನು ನಾನು ಗಣಿಸುವುದೇ ಇಲ್ಲ.

ಒಮ್ಮೆ ಜಯನಗರದಿಂದ ಮೆಟ್ರೊದಲ್ಲಿ ಹೋಗುತ್ತ, ಇಂಥದ್ದೇ ಒಂದು ತೆಳು ಸ್ಟ್ರೈಕನ್ನು ಮಾರ್ಕೆಟ್ ಆರ್ಡರ್‌ನಲ್ಲಿ ಕೊಂಡೆ. ಪರದೆಯಲ್ಲಿ ಆಸ್ಕ್ 6.20 ಇತ್ತು, ಆದರೆ ಆ ಬೆಲೆಗೆ ಇದ್ದದ್ದು ಒಂದೇ ಲಾಟ್. ನನ್ನ ಎರಡನೆಯ ಲಾಟ್ 7.90ಕ್ಕೆ ಸಿಕ್ಕಿತು. ಅಂದಿನಿಂದ ಮಾರ್ಕೆಟ್ ಡೆಪ್ತ್ ತೆರೆದು, ಮೊದಲ ಬೆಲೆಯಲ್ಲೇ ನನಗೆ ಬೇಕಾದದ್ದರ ಮೂರು ಪಟ್ಟು ಇದೆಯೇ ಎಂದು ನೋಡಿ, ಅತಿ ತೆಳುವಾದ ರಕ್ಷಣೆಯ ಕಾಲನ್ನೇ ಮೊದಲು ಲಿಮಿಟ್ ಆರ್ಡರ್‌ನಲ್ಲಿ ಕೊಳ್ಳುತ್ತೇನೆ. ಅದು ಸಿಗದಿದ್ದರೆ ಉಳಿದ ಮೂರನ್ನು ಹಾಕುವುದಿಲ್ಲ.