ಬೆಲೆಯ ಆಟ, ಪ್ರಮಾಣದ ಆಟ: ಲಾಭ ಎಲ್ಲಿ ಹೋಯ್ತು?

ಪ್ರಶ್ನೆ: ಬೆಲೆಯಲ್ಲಿ ಪೈಪೋಟಿ ಮಾಡಿದ್ರೆ ಇಬ್ಬರಿಗೂ ಲಾಭ ಸೊನ್ನೆ, ಪ್ರಮಾಣದಲ್ಲಿ ಮಾಡಿದ್ರೆ ಲಾಭ ಉಳಿಯುತ್ತೆ. ಎರಡೂ ನ್ಯಾಶ್ ಸಮತೋಲನ ಅಂತಾರೆ. ಯಾವುದು ಸರಿ?

ಈ ತಿಂಗಳು ಇದೇ ಪ್ರಶ್ನೆ ಎಷ್ಟನೇ ಸಲವೋ, ಲೆಕ್ಕ ಬಿಟ್ಟಿದ್ದೇನೆ. ಎರಡೂ ಸರಿ. ನ್ಯಾಶ್ ಸಮತೋಲನ ಅಂದರೆ ಎದುರಾಳಿ ತನ್ನ ನಡೆ ಬದಲಿಸದೆ ಇರುವಾಗ, ಯಾರೊಬ್ಬರೂ ತಾವೊಬ್ಬರೇ ನಡೆ ಬದಲಿಸಿ ಲಾಭ ಹೆಚ್ಚಿಸಿಕೊಳ್ಳೋಕೆ ಆಗದ ಸ್ಥಿತಿ. ನೋಡಬೇಕಾದ್ದು ಒಂದೇ: ನಾನು ನಡೆ ಬದಲಿಸುವಾಗ ಎದುರಾಳಿಯ ಯಾವುದು ಅಲುಗಾಡದೆ ನಿಂತಿರುತ್ತದೆ?

ಒಂದೇ ಥರದ ಸರಕು, ಬೇಡಿಕೆ P = 100 − Q, ಇಲ್ಲಿ P ಬೆಲೆ, Q ಇಬ್ಬರದೂ ಸೇರಿದ ಒಟ್ಟು ಪ್ರಮಾಣ, ಒಂದು ಘಟಕಕ್ಕೆ ವೆಚ್ಚ 10 ಅಂತಿಟ್ಟುಕೊಳ್ಳಿ. ಪ್ರಮಾಣದ ಆಟದಲ್ಲಿ, ಅಂದರೆ ಅರ್ಥಶಾಸ್ತ್ರಜ್ಞ ಕೂರ್ನೋ 1838ರಲ್ಲಿ ಬರೆದದ್ದರಲ್ಲಿ, ಇಬ್ಬರೂ ತಲಾ 30 ತಯಾರಿಸುತ್ತಾರೆ, ಬೆಲೆ 40, ತಲಾ ಲಾಭ 900. ನಾನು 31 ಮಾಡಿದರೆ ಬೆಲೆ 39ಕ್ಕೆ ಇಳಿದು ಲಾಭ 899. 29 ಮಾಡಿದರೂ 899. ಎದುರಾಳಿಯ 30 ಹೇಗಿದ್ದರೂ ಮಾರುಕಟ್ಟೆಗೆ ಬಂದೇ ಬರುತ್ತದೆ, ಅವನ ಗಿರಾಕಿಗಳನ್ನು ಕಸಿಯೋಕೆ ಆಗಲ್ಲ. ಹಾಗಾಗಿ ಅಲುಗಾಡಿ ಪ್ರಯೋಜನ ಇಲ್ಲ.

ಈಗ ಅದೇ 40ರಲ್ಲಿ ಬೆಲೆಯ ಆಟ ಆಡಿ. 1883ರಲ್ಲಿ ಬರ್ಟ್ರಾಂಡ್ ಎತ್ತಿದ ತಕರಾರು ಇದೇ. ಎದುರಾಳಿಯ ಬೆಲೆ 40ರಲ್ಲೇ ನಿಂತಿದೆ, ನಾನು 39 ಅಂದೆ. ಗಿರಾಕಿಗಳೆಲ್ಲ ನನ್ನ ಕಡೆಗೆ, 61 ಘಟಕ ಮಾರಾಟ, ಲಾಭ 1769! ಅವನು ಸುಮ್ನೆ ಇರ್ತಾನಾ? 38 ಅಂತಾನೆ. ಹೀಗೇ ಇಳಿದು 10ಕ್ಕೆ ಬಂದಾಗ ಮಾತ್ರ ಇಬ್ಬರೂ ನಿಲ್ಲುತ್ತಾರೆ, ಯಾಕಂದ್ರೆ ಏರಿಸಿದವನಿಗೆ ಗಿರಾಕಿ ಇಲ್ಲ, ಇಳಿಸಿದವನಿಗೆ ನಷ್ಟ.

ಆದರೆ ಆ 61 ಘಟಕ ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ. ನನಗೆ ಸಿಟ್ಟು ಬರೋದು ಅಲ್ಲೇ. ಇಬ್ಬರ ಸಾಮರ್ಥ್ಯವೂ 30 ಮಾತ್ರ ಆಗಿದ್ದರೆ 39 ಅಂದರೂ ನಾನು ಮಾರೋದು 30ನ್ನೇ, ಲಾಭ 870. 45ಕ್ಕೆ ಏರಿಸಿದರೆ? ಅವನ 30 ಮೊದಲು ಖಾಲಿಯಾಗಿ, ಅದೂ ಹೆಚ್ಚು ಕೊಡಲು ಸಿದ್ಧರಿರುವವರಿಗೇ ಹೋಗಿ, ನನಗೆ 25 ಉಳಿಯುತ್ತದೆ, ಲಾಭ 875. ಅಂದರೆ ಬೆಲೆಯ ಆಟ ಆಡುತ್ತಲೇ ಮತ್ತೆ 40ಕ್ಕೆ ಬಂದೆವು. ಮೊದಲು ಸಾಮರ್ಥ್ಯ ಕಟ್ಟಿ ಆಮೇಲೆ ಬೆಲೆ ಹೇಳಿದರೆ ಕೂರ್ನೋ ಫಲಿತಾಂಶವೇ ಬರಬಹುದು ಅಂತ ಕ್ರೆಪ್ಸ್ ಮತ್ತು ಶೈಂಕ್‌ಮನ್ 1983ರಲ್ಲಿ ತೋರಿಸಿದ್ದು ಇದನ್ನೇ. ಸರಕು ಸಾಲದಾದಾಗ ಕಡಿಮೆ ಬೆಲೆಯದ್ದು ಯಾರಿಗೆ ಮೊದಲು ಸಿಗುತ್ತದೆ ಅನ್ನೋ ನಿಯಮ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ, ಹಾಗಾಗಿ ಇದನ್ನು ಕಣ್ಣುಮುಚ್ಚಿ ಎಲ್ಲ ಕಡೆ ಹಚ್ಚಬೇಡಿ.

ಪ್ರಶ್ನೆ: ನ್ಯಾಶ್ ಸಮತೋಲನ ಅಂದ್ರೆ ಇಬ್ಬರಿಗೂ ಜಾಸ್ತಿ ಲಾಭ ಸಿಗೋ ಜಾಗ ಅಲ್ವಾ?

ಅಲ್ಲ. ಅದೇ ಪ್ರಮಾಣದ ಆಟದಲ್ಲಿ ತಲಾ 22.5 ಮಾಡಿದರೆ ತಲಾ 1012.5 ಸಿಗುತ್ತದೆ, ಆದರೆ ಒಬ್ಬ ಕದ್ದು 33.75 ಮಾಡಿದರೆ ಅವನಿಗೆ ಸುಮಾರು 1139, ಹಾಗಾಗಿ ಹೆಚ್ಚು ಲಾಭದ ಆ ಜಾಗ ನಿಲ್ಲಲ್ಲ.

ಪ್ರಶ್ನೆ: ಎದುರಾಳಿಯನ್ನು ಖಚಿತವಾಗಿ ಸೋಲಿಸೋ ಬೆಲೆ ಸೂತ್ರ ಕಲಿಸ್ತೀವಿ ಅಂತ ಒಬ್ಬರು ತರಗತಿ ನಡೆಸ್ತಿದ್ದಾರೆ, ಸೇರಲಾ?

ಎದುರಾಳಿಯೂ ಅದೇ ತರಗತಿಗೆ ಸೇರಿದರೆ ಏನಾಗುತ್ತದೆ ಅಂತ ಅವರನ್ನೇ ಕೇಳಿ, ಆಮೇಲೆ ದುಡ್ಡು ಕಟ್ಟಿ.