ಎರಡು ಸ್ವಿಚ್ ನಡುವೆ ಕ್ರಾಸ್‌ಓವರ್ ಕೇಬಲ್ ಹಾಕಲೇಬೇಕಾ?

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮ ತೋಟ. ಮನೆಯಿಂದ ಹೋಂಸ್ಟೇ ಕಾಟೇಜಿಗೆ ಸುಮಾರು 70 ಮೀಟರ್ ಕ್ಯಾಟ್ 6 ಕೇಬಲ್ ಎಳೆಸಿದ್ದೇವೆ. ಎರಡೂ ತುದಿಯಲ್ಲಿ ಹೊಸ ಗಿಗಾಬಿಟ್ ಸ್ವಿಚ್ ಇದೆ. ಆದರೆ ಲಿಂಕ್ ಲೈಟೇ ಬರುತ್ತಿಲ್ಲ. ಕೇಬಲ್ ಹಾಕಿದವರು "ಸ್ವಿಚ್‌ನಿಂದ ಸ್ವಿಚ್‌ಗೆ ಕ್ರಾಸ್‌ಓವರ್ ಬೇಕಿತ್ತು, ಒಂದು ತುದಿ ಕತ್ತರಿಸಿ ಬೇರೆ ಕ್ರಿಂಪ್ ಮಾಡಬೇಕು" ಅನ್ನುತ್ತಾರೆ. ನಿಜವಾ?

ಉತ್ತರ:

ಬೇಡ. ಹೊಸ ಗಿಗಾಬಿಟ್ ಸ್ವಿಚ್‌ಗಳಿಗೆ ಕ್ರಾಸ್‌ಓವರ್ ಬೇಕಿಲ್ಲ, ನೇರ ಕೇಬಲ್ಲೇ ಸಾಕು. ನಿಮ್ಮ ಕೇಬಲ್ಲಿನಲ್ಲಿ ಬೇರೆ ಏನೋ ತೊಂದರೆ ಇದೆ. ಅದನ್ನು ಹೇಗೆ ಹುಡುಕಬೇಕು ಅಂತ ಕೆಳಗೆ ಹೇಳುತ್ತೇನೆ. ನಾನು ಮಡಿಕೇರಿ, ಕುಶಾಲನಗರ, ವಿರಾಜಪೇಟೆ ಕಡೆ ಇದೇ ಕೆಲಸ ಮಾಡುತ್ತೇನೆ. ಹೋಂಸ್ಟೇಗಳಲ್ಲಿ ಈ ಮಾತು ಪದೇಪದೇ ಕೇಳುತ್ತೇನೆ.

ನಿಮಗೆ ಹೇಳಿದವರು ಸುಳ್ಳು ಹೇಳುತ್ತಿಲ್ಲ. ಒಂದು ಕಾಲದಲ್ಲಿ ಅದು ನಿಜವೇ ಆಗಿತ್ತು. 10 ಮತ್ತು 100 ಎಂಬಿಪಿಎಸ್ ಇದ್ದಾಗ ಕೇಬಲ್ಲಿನ ನಾಲ್ಕು ಜೋಡಿಯಲ್ಲಿ ಎರಡೇ ಜೋಡಿ ಕೆಲಸಕ್ಕೆ ಬರುತ್ತಿದ್ದವು. ಕಂಪ್ಯೂಟರ್ ತನ್ನ 1 ಮತ್ತು 2ನೇ ಪಿನ್ನಿನಲ್ಲಿ ಕಳಿಸುತ್ತದೆ, 3 ಮತ್ತು 6ರಲ್ಲಿ ಕೇಳಿಸಿಕೊಳ್ಳುತ್ತದೆ. ಸ್ವಿಚ್‌ನ ಪೋರ್ಟಿನಲ್ಲಿ ಇದು ಉಲ್ಟಾ: 1, 2ರಲ್ಲಿ ಕೇಳಿಸಿಕೊಂಡು 3, 6ರಲ್ಲಿ ಕಳಿಸುತ್ತದೆ. ಹಾಗಾಗಿ ಕಂಪ್ಯೂಟರಿಂದ ಸ್ವಿಚ್‌ಗೆ ನೇರ ಕೇಬಲ್ ಸರಿಯಾಗಿ ಕೂರುತ್ತದೆ. ಆದರೆ ಸ್ವಿಚ್‌ಗೆ ಸ್ವಿಚ್ ಜೋಡಿಸಿದರೆ ಎರಡೂ ಒಂದೇ ಜೋಡಿಯಲ್ಲಿ ಕಳಿಸುತ್ತವೆ, ಇನ್ನೊಂದು ಜೋಡಿಯಲ್ಲಿ ಎರಡೂ ಸುಮ್ನೆ ಕಾಯುತ್ತವೆ. ಅದಕ್ಕೇ ಕೇಬಲ್ಲಿನ ಒಳಗೆ 1-2 ಜೋಡಿಯನ್ನು ಇನ್ನೊಂದು ತುದಿಯ 3-6ಕ್ಕೆ ಅದಲು ಬದಲು ಮಾಡುತ್ತಿದ್ದರು. ಒಂದು ತುದಿಗೆ ಬಿ ಪದ್ಧತಿ, ಇನ್ನೊಂದು ತುದಿಗೆ ಎ ಪದ್ಧತಿಯಲ್ಲಿ ಬಣ್ಣ ಜೋಡಿಸಿದರೆ ಆರೆಂಜ್ ಮತ್ತು ಗ್ರೀನ್ ಜೋಡಿ ಅದಲುಬದಲಾಗುತ್ತದೆ. ಕ್ರಾಸ್‌ಓವರ್ ಅಂದರೆ ಇಷ್ಟೇ. ಹಳೇ ಹಬ್‌ಗಳಲ್ಲಿ 'ಅಪ್‌ಲಿಂಕ್' ಅಂತ ಬರೆದ ಪೋರ್ಟೊಂದು ಇರುತ್ತಿತ್ತು, ಅದರಲ್ಲಿ ಈ ಅದಲುಬದಲು ಮೊದಲೇ ಮಾಡಿಟ್ಟಿರುತ್ತಿದ್ದರು.

ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿದ್ದ ಡೇನಿಯಲ್ ಡವ್ ಮತ್ತು ಬ್ರೂಸ್ ಮೆಲ್ವಿನ್ ಎಂಬ ಎಂಜಿನಿಯರ್‌ಗಳು ಈ ಕೆಲಸವನ್ನು ಕೇಬಲ್ಲಿನಿಂದ ಪೋರ್ಟಿನ ಒಳಗೇ ತಂದರು. ಇದಕ್ಕೆ ಆಟೋ ಎಂಡಿಐ-ಎಕ್ಸ್ ಅಂತ ಹೆಸರು. ಪೋರ್ಟ್ ಒಂದು ಜೋಡಿಯಲ್ಲಿ ಸ್ವಲ್ಪ ಹೊತ್ತು ಕಿವಿಗೊಟ್ಟು ನೋಡುತ್ತದೆ. ಆ ಕಡೆಯಿಂದ ಸಿಗ್ನಲ್ ಬರದಿದ್ದರೆ ಕಳಿಸುವ ಜೋಡಿ, ಕೇಳುವ ಜೋಡಿ ಎರಡನ್ನೂ ತಾನೇ ಅದಲುಬದಲು ಮಾಡಿಕೊಂಡು ಮತ್ತೆ ನೋಡುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ನನಗೆ ತುಂಬಾ ಇಷ್ಟವಾದ ಭಾಗ ಇದು. ಎರಡೂ ಕಡೆಯ ಪೋರ್ಟ್‌ಗಳು ಹೀಗೆ ಬದಲಾಯಿಸಿಕೊಳ್ಳುವವೇ ಆದರೆ? ತೋಟದ ಕಿರಿದಾದ ರಸ್ತೆಯಲ್ಲಿ ಎರಡು ಜೀಪ್ ಎದುರುಬದುರಾಗಿ, ಇಬ್ಬರೂ ಒಟ್ಟಿಗೆ ಹಿಂದೆ ತೆಗೆದು, ಮತ್ತೆ ಇಬ್ಬರೂ ಒಟ್ಟಿಗೆ ಮುಂದೆ ಬಂದ ಹಾಗೆ ಆಗುತ್ತದೆ, ಅಲ್ವಾ? ಇಬ್ಬರೂ ಒಂದೇ ತಾಳದಲ್ಲಿ ಬದಲಾಯಿಸುತ್ತಿದ್ದರೆ ಎಂದೂ ಹೊಂದುವುದಿಲ್ಲ. ಅದಕ್ಕೇ ಪೋರ್ಟ್ ಸುಮಾರು 62 ಮಿಲಿಸೆಕೆಂಡಿಗೊಮ್ಮೆ ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತದೆ: ಈ ಸಲ ಬದಲಾಯಿಸಲೋ, ಇದ್ದ ಹಾಗೇ ಇರಲೋ ಅಂತ. ಎರಡೂ ಕಡೆಯ ಚೀಟಿ ಬೇರೆ ಬೇರೆ ಬಂದ ತಕ್ಷಣ ಸಿಗ್ನಲ್ ಸಿಗುತ್ತದೆ, ಬದಲಾಟ ನಿಲ್ಲುತ್ತದೆ. ಒಂದು ಕಡೆಯ ಪೋರ್ಟಿನಲ್ಲಿ ಮಾತ್ರ ಈ ಸೌಲಭ್ಯ ಇದ್ದರೂ ಸಾಕು, ಆ ಕಡೆಯದು ಎಷ್ಟೇ ಹಳೆಯದಿದ್ದರೂ ಇದೇ ಹೊಂದಿಕೊಳ್ಳುತ್ತದೆ.

1999ರಲ್ಲಿ ಬಂದ ಗಿಗಾಬಿಟ್‌ನಲ್ಲಿ ಕಳಿಸುವ ಜೋಡಿ, ಕೇಳುವ ಜೋಡಿ ಅನ್ನುವ ಭೇದವೇ ಹೋಯಿತು. ನಾಲ್ಕೂ ಜೋಡಿಯಲ್ಲಿ ಎರಡೂ ದಿಕ್ಕಿಗೆ ಒಟ್ಟಿಗೇ ಸಿಗ್ನಲ್ ಓಡುತ್ತದೆ. ಆ ಮಾನದಂಡದಲ್ಲಿ ಆಟೋ ಎಂಡಿಐ-ಎಕ್ಸ್ ಕಡ್ಡಾಯ ಅಲ್ಲ, ಆದರೂ ಗಿಗಾಬಿಟ್ ಚಿಪ್ ಮಾಡುವವರು ಹೆಚ್ಚುಕಡಿಮೆ ಎಲ್ಲರೂ ಅದನ್ನು ಹಾಕುತ್ತಾರೆ.

ಈಗ ನಿಮ್ಮ ಕೇಬಲ್ಲಿಗೆ ಬರೋಣ.

ಎರಡೂ ಕಡೆ ಗಿಗಾಬಿಟ್ ಇದ್ದಾಗ ಮೊದಲ ಮಾತುಕತೆ ಆರೆಂಜ್ ಮತ್ತು ಗ್ರೀನ್ ಜೋಡಿಯಲ್ಲಿ ಮಾತ್ರ ನಡೆಯುತ್ತದೆ. "ನೀನು ಗಿಗಾಬಿಟ್ಟಾ? ನಾನೂ ಗಿಗಾಬಿಟ್" ಅಂತ ಅಲ್ಲೇ ಒಪ್ಪಂದ ಆಗುತ್ತದೆ. ಆಮೇಲೆ ನಾಲ್ಕೂ ಜೋಡಿಯಲ್ಲಿ ಗಿಗಾಬಿಟ್ ಶುರು ಮಾಡಲು ಹೋಗುತ್ತವೆ. ಆಗ ಬ್ಲೂ ಅಥವಾ ಬ್ರೌನ್ ಜೋಡಿಯ ಒಂದು ತಂತಿ ತಾಗದೇ ಇದ್ದರೆ ಅಲ್ಲೇ ಮುಗ್ಗರಿಸಿ, ಮತ್ತೆ ಮೊದಲಿಂದ ಶುರು ಮಾಡುತ್ತವೆ. ಕೆಲವು ಸ್ವಿಚ್‌ಗಳು ಒಂದೆರಡು ಸಲ ಸೋತ ಮೇಲೆ ತಾವೇ 100ಕ್ಕೆ ಇಳಿಯುತ್ತವೆ. ಕೆಲವು ಇಳಿಯುವುದಿಲ್ಲ, ಲೈಟ್ ಬರುವುದೇ ಇಲ್ಲ. ನಿಮ್ಮದು ಈ ಎರಡನೇ ಜಾತಿ ಇರಬಹುದು ಅಂತ ನನ್ನ ಅಂದಾಜು.

ಪರೀಕ್ಷೆ ಸುಲಭ. ಕಾಟೇಜಿನ ಸ್ವಿಚ್ ಬಿಚ್ಚಿ, ಅದೇ ಕೇಬಲ್ಲಿಗೆ ಹಳೇ 10/100ರ ವೈಫೈ ರೂಟರಿನ ಲ್ಯಾನ್ ಪೋರ್ಟ್ ಕೊಟ್ಟು ನೋಡಿ. ಅಂಥ ರೂಟರ್ ಯಾವುದಾದರೂ ಮನೆಯ ಅಟ್ಟದಲ್ಲಿ ಬಿದ್ದೇ ಇರುತ್ತದೆ. ಅದರಲ್ಲಿ ಲೈಟ್ ಬಂದರೆ ಆರೆಂಜ್, ಗ್ರೀನ್ ಸರಿ ಇವೆ, ಬ್ಲೂ ಅಥವಾ ಬ್ರೌನ್‌ನಲ್ಲಿ ತೊಂದರೆ ಅಂತ ಅರ್ಥ. ಬರದಿದ್ದರೆ ಆರೆಂಜ್ ಅಥವಾ ಗ್ರೀನ್ ಕೂಡ ಹೋಗಿದೆ. ಎಂಟು ಲೈಟಿನ ಅಗ್ಗದ ಕೇಬಲ್ ಟೆಸ್ಟರ್ ಸಿಕ್ಕರೆ ಯಾವ ನಂಬರ್ ಹತ್ತಲಿಲ್ಲ ಅಂತ ನೇರವಾಗಿಯೇ ಗೊತ್ತಾಗುತ್ತದೆ. ನೇರ ಕೇಬಲ್ಲಿನಲ್ಲಿ ಎರಡೂ ಕಡೆ 1ರಿಂದ 8 ಸಾಲಾಗಿ ಹತ್ತಬೇಕು. ಕ್ರಾಸ್‌ಓವರ್ ಆಗಿದ್ದರೆ ಈ ಕಡೆ 1 ಹತ್ತಿದಾಗ ಆ ಕಡೆ 3, ಈ ಕಡೆ 2 ಹತ್ತಿದಾಗ ಆ ಕಡೆ 6 ಹತ್ತುತ್ತದೆ.

ಜ್ಯಾಕನ್ನೂ ಕಣ್ಣಿಂದ ನೋಡಿ. ಕ್ಲಿಪ್ ಕೆಳಗೆ, ಹಳದಿ ಪಿನ್ನುಗಳು ಮೇಲೆ, ಕೇಬಲ್ ನಿಮ್ಮ ಕಡೆಗೆ ಬರುವಂತೆ ಹಿಡಿದರೆ ಎಡಗಡೆಯದು 1ನೇ ಪಿನ್. ಮೊಬೈಲ್ ಟಾರ್ಚ್ ಬಿಟ್ಟು ಮುಂದಿನ ಮುಖ ನೋಡಿದರೆ ಎಂಟೂ ತಂತಿಯ ತಾಮ್ರದ ತುದಿ ಪ್ಲಾಸ್ಟಿಕ್ಕಿಗೆ ತಾಗಿ ಮಿನುಗಬೇಕು. ವಿರಾಜಪೇಟೆ ಕಡೆಯ ಒಂದು ಹೋಂಸ್ಟೇನಲ್ಲಿ ಬ್ರೌನ್ ತಂತಿ ಅರ್ಧಕ್ಕೇ ನಿಂತಿತ್ತು, ಪಿನ್ನಿನ ಹಲ್ಲು ಅದಕ್ಕೆ ಕಚ್ಚೇ ಇರಲಿಲ್ಲ. ಕ್ಯಾಟ್ 6ರ ತಂತಿ ದಪ್ಪ, ಮಧ್ಯದಲ್ಲಿ ಪ್ಲಾಸ್ಟಿಕ್ ಕಡ್ಡಿ ಬೇರೆ ಇರುತ್ತದೆ. ಕ್ಯಾಟ್ 5ರ ಜ್ಯಾಕ್ ಹಾಕಿದರೆ ಹೀಗೆ ಆಗುವುದು ಜಾಸ್ತಿ. ಕ್ಯಾಟ್ 6ರ ಜ್ಯಾಕನ್ನೇ ತರಿಸಿ, ಎರಡೂ ತುದಿಗೆ ಇದೇ ಕ್ರಮದಲ್ಲಿ ಹಾಕಿಸಿ: ವೈಟ್ ಆರೆಂಜ್, ಆರೆಂಜ್, ವೈಟ್ ಗ್ರೀನ್, ಬ್ಲೂ, ವೈಟ್ ಬ್ಲೂ, ಗ್ರೀನ್, ವೈಟ್ ಬ್ರೌನ್, ಬ್ರೌನ್. ಗ್ರೀನ್ ಜೋಡಿ 3ಕ್ಕೂ 6ಕ್ಕೂ ಬಿಡಿಬಿಡಿಯಾಗಿ ಹೋಗುತ್ತದೆ, ಅದನ್ನು ಗಮನಿಸಿ. ಕೆಲವರು ಬಣ್ಣಗಳನ್ನು ಜೋಡಿಜೋಡಿಯಾಗಿ ಸಾಲಾಗಿ ಹಾಕಿಬಿಡುತ್ತಾರೆ. ಆಗ ಟೆಸ್ಟರಿನಲ್ಲಿ ಎಂಟೂ ಲೈಟ್ ಸರಿಯಾಗಿ ಹತ್ತುತ್ತವೆ, ಆದರೆ 3 ಮತ್ತು 6ಕ್ಕೆ ಬೇರೆ ಬೇರೆ ಜೋಡಿಯ ತಂತಿ ಹೋಗಿರುವುದರಿಂದ ಒಂದರ ಸಿಗ್ನಲ್ ಇನ್ನೊಂದಕ್ಕೆ ಸೋರಿ ಅಷ್ಟು ಉದ್ದದಲ್ಲಿ ಲಿಂಕ್ ನಿಲ್ಲುವುದಿಲ್ಲ.

"ಕ್ರಾಸ್‌ಓವರ್ ಮಾಡಿದ ಮೇಲೆ ಬಂತಲ್ಲ" ಅನ್ನುವ ಮಾತು ಇನ್ನೂ ಸಾಯದೇ ಉಳಿದಿರುವುದಕ್ಕೂ ಇದೇ ಕಾರಣ ಅಂತ ನನಗೆ ಅನ್ನಿಸುತ್ತದೆ. ಕ್ರಾಸ್‌ಓವರ್ ಮಾಡಲು ಹಳೇ ಜ್ಯಾಕ್ ಕತ್ತರಿಸಿ ಹೊಸದು ಹಾಕುತ್ತಾರೆ. ಕೆಟ್ಟ ಕ್ರಿಂಪ್ ಅದರ ಜೊತೆಗೇ ಕಸಕ್ಕೆ ಹೋಗುತ್ತದೆ. ಹೊಸ ಜ್ಯಾಕಿನಲ್ಲಿ ಎಂಟೂ ತಂತಿ ತಾಗುತ್ತವೆ, ಲೈಟ್ ಬರುತ್ತದೆ, ಹೆಸರು ಮಾತ್ರ ಕ್ರಾಸ್‌ಓವರ್‌ಗೆ. ಅದೇ ಜಾಗದಲ್ಲಿ ನೇರ ಜ್ಯಾಕ್ ಹಾಕಿದ್ದರೂ ಬರುತ್ತಿತ್ತು. ತೊಂದರೆ ಆ ತುದಿಯಲ್ಲಿ ಇಲ್ಲದೆ, ದಾರಿಯಲ್ಲಿ ಸಿಲ್ವರ್ ಓಕ್ ಮರಕ್ಕೆ ಕಟ್ಟಿದ ಕಡೆ ಉಜ್ಜಿಯೋ ಇಲಿ ಕಡಿದೋ ಮಳೆನೀರು ಒಳಗೆ ಇಳಿದೋ ಆಗಿದ್ದರೆ, ಎಷ್ಟು ಸಲ ಕ್ರಾಸ್ ಮಾಡಿದರೂ ಬರುವುದಿಲ್ಲ.

ಹಾಗಾದರೆ ಕ್ರಾಸ್‌ಓವರ್ ಈಗ ಎಲ್ಲೂ ಬೇಡವೇ? ಬೇಕಾಗುವ ಒಂದು ಜಾಗ ಇದೆ. ಕುಶಾಲನಗರ ಕಡೆಯ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಬೇರ್ಪಡಿಸುವ ಕಲರ್ ಸಾರ್ಟರ್ ಯಂತ್ರಕ್ಕೆ ಪಕ್ಕದ ಕಂಪ್ಯೂಟರ್ ನೇರವಾಗಿ ಜೋಡಿಸಿದ್ದರು, ನಡುವೆ ಸ್ವಿಚ್ ಇಲ್ಲ. ಹಳೇ ಕೇಬಲ್ ಸವೆದಿದೆ ಅಂತ ಅಂಗಡಿಯಿಂದ ಹೊಸ ಪ್ಯಾಚ್ ಕಾರ್ಡ್ ತಂದು ಹಾಕಿದರು, ಲಿಂಕ್ ಹೋಯಿತು. ಹಳೆಯದನ್ನು ಟೆಸ್ಟರಿಗೆ ಹಾಕಿದರೆ 1ಕ್ಕೆ 3, 2ಕ್ಕೆ 6. ಅದು ಕ್ರಾಸ್‌ಓವರ್. ಯಂತ್ರದ ಪೋರ್ಟ್ 100 ಫುಲ್ ಡ್ಯೂಪ್ಲೆಕ್ಸ್‌ಗೆ, ಅಂದರೆ 100ರ ವೇಗದಲ್ಲಿ ಕಳಿಸುವುದು ಕೇಳುವುದು ಎರಡನ್ನೂ ಒಟ್ಟಿಗೇ ಮಾಡುವಂತೆ ಬಿಗಿದಿತ್ತು, ಕಂಪ್ಯೂಟರಿನಲ್ಲೂ ಅದಕ್ಕೆ ಹೊಂದುವಂತೆ ಅದೇ ಸೆಟ್ಟಿಂಗ್. ವೇಗವನ್ನು ಹೀಗೆ ಕೈಯಿಂದ ಬಿಗಿದಾಗ ಎಷ್ಟೋ ನೆಟ್‌ವರ್ಕ್ ಕಾರ್ಡ್‌ಗಳಲ್ಲಿ ಆಟೋ ಎಂಡಿಐ-ಎಕ್ಸ್ ಕೂಡ ನಿಂತುಹೋಗುತ್ತದೆ. ಎರಡೂ ಕಂಪ್ಯೂಟರ್ ಜಾತಿಯ ಪೋರ್ಟ್, ಎರಡೂ 1-2ರಲ್ಲೇ ಕಳಿಸುತ್ತವೆ. ಹಳೇ ಕಾಲದ ಕಥೆ ಮತ್ತೆ ಬಂತು.

ಕಂಪ್ಯೂಟರ್ ಕಡೆ ಮಾತ್ರ ಆಟೋ ಮಾಡಿದರೆ ಲೈಟೇನೋ ಬರುತ್ತದೆ. ಆದರೆ ಯಂತ್ರ ಮಾತುಕತೆಗೆ ಬರುವುದಿಲ್ಲವಾದ್ದರಿಂದ ಕಂಪ್ಯೂಟರ್ ಹಾಫ್ ಡ್ಯೂಪ್ಲೆಕ್ಸ್, ಅಂದರೆ ಒಂದು ಸಲಕ್ಕೆ ಒಂದೇ ಕಡೆ ಕಳಿಸಬೇಕು ಅಂದುಕೊಳ್ಳುತ್ತದೆ, ಯಂತ್ರ ಫುಲ್‌ನಲ್ಲೇ ಇರುತ್ತದೆ. ಪಿಂಗ್ ಹೋಗುತ್ತದೆ, ದೊಡ್ಡ ಫೈಲ್ ಕಳಿಸಿದರೆ ಆಮೆ ವೇಗ. ಅದಕ್ಕೇ ಬಿಗಿಯುವುದಾದರೆ ಎರಡೂ ಕಡೆ ಬಿಗಿಯಬೇಕು, ಆಟೋ ಮಾಡುವುದಾದರೆ ಎರಡೂ ಕಡೆ ಆಟೋ. ಅಲ್ಲಿ ಯಂತ್ರದ ಮೆನುವಿನಲ್ಲಿ ಆಟೋ ಇರಲಿಲ್ಲ. ಹಾಗಾಗಿ ಹೊಸ ಕ್ರಾಸ್‌ಓವರ್ ಮಾಡಿ, ಎರಡೂ ತುದಿಗೆ ಕೆಂಪು ಟೇಪ್ ಸುತ್ತಿ ಹೆಸರು ಬರೆದು ಬಂದೆ.

ನಿಮ್ಮಲ್ಲಿ ಲಿನಕ್ಸ್ ಇರುವ ಲ್ಯಾಪ್‌ಟಾಪ್ ಇದ್ದರೆ ಪೋರ್ಟ್ ಏನು ಮಾಡುತ್ತಿದೆ ಅಂತ ಕಣ್ಣಾರೆ ನೋಡಬಹುದು (`eth0` ಜಾಗದಲ್ಲಿ ನಿಮ್ಮ ಕಾರ್ಡಿನ ಹೆಸರು ಹಾಕಿ):

```
sudo ethtool eth0 | grep -E "Speed|Duplex|MDI-X"
```

`MDI-X: on (auto)` ಬಂದರೆ ಪೋರ್ಟ್ ತಾನೇ ಅದಲುಬದಲು ಮಾಡಿಕೊಂಡಿದೆ, `off (auto)` ಅಂದರೆ ಮಾಡುವ ಅಗತ್ಯ ಬಿದ್ದಿಲ್ಲ. ಕೆಲವು ಕಾರ್ಡ್‌ಗಳು `Unknown` ಅನ್ನುತ್ತವೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. `Speed` ಮಾತ್ರ 100ಕ್ಕೆ ನಿಂತಿದ್ದರೆ ಮತ್ತೆ ಬ್ಲೂ, ಬ್ರೌನ್ ಕಡೆ ನೋಡಿ.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಎರಡು ಕಟ್ಟಡದ ನಡುವೆ ಬಯಲಲ್ಲಿ ತಾಮ್ರದ ಕೇಬಲ್ ಇದ್ದರೆ ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಎರಡೂ ಸ್ವಿಚ್ ಒಟ್ಟಿಗೆ ಹೋಗುವ ಸಾಧ್ಯತೆ ಇದೆ. ಈ ಕೇಬಲ್ ದಾರಿಯ ಮಧ್ಯದಲ್ಲೇ ಕೆಟ್ಟಿದೆ ಅಂತ ಗೊತ್ತಾದರೆ, ಬದಲಿಗೆ ಫೈಬರ್ ಎಳೆಸಿಬಿಡಿ.

ಮೊದಲು ಟೆಸ್ಟರ್ ಹಾಕಿ. ಯಾವ ನಂಬರ್ ಹತ್ತಲಿಲ್ಲ, ಹಳೇ ರೂಟರಿನಲ್ಲಿ ಲೈಟ್ ಬಂತೋ ಇಲ್ಲವೋ ಅಂತ ಇಲ್ಲೇ ಬರೆಯಿರಿ. ಯಾವ ತುದಿ ಕತ್ತರಿಸಬೇಕು ಅಂತ ಆಮೇಲೆ ಹೇಳುತ್ತೇನೆ.