ಚೌಕ ಹೊರಬರುವಾಗ ಪ್ರವಾಹದ ದಿಕ್ಕು ತಿರುಗುವುದೇಕೆ?

ಪ್ರಶ್ನೆ: ಸರ್, ಪುಟದ ಒಳಮುಖವಾಗಿರುವ ಕಾಂತಕ್ಷೇತ್ರದ ಪಟ್ಟಿಯೊಂದನ್ನು ದಾಟಿಸಿ ತಂತಿಯ ಚೌಕವನ್ನು ಎಡದಿಂದ ಬಲಕ್ಕೆ ಎಳೆಯುವ ಲೆಕ್ಕದಲ್ಲಿ ನಾನು ಮೂರು ಹಂತಕ್ಕೂ ‘ಅಪ್ರದಕ್ಷಿಣ’ ಎಂದು ಬರೆದೆ. ಒಳಹೋಗುವ ಹಂತಕ್ಕೆ ಮಾತ್ರ ಅಂಕ ಸಿಕ್ಕಿತು. ಪೂರ್ತಿ ಒಳಗಿರುವಾಗ ಪ್ರವಾಹವೇ ಇಲ್ಲವಂತೆ, ಹೊರಬರುವಾಗ ಪ್ರದಕ್ಷಿಣವಂತೆ. ಕ್ಷೇತ್ರ ಅದೇ, ವೇಗವೂ ಅದೇ. ಉತ್ತರ ಮಾತ್ರ ಏಕೆ ಬದಲಾಗುತ್ತದೆ?
— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಪ್ರೇರಿತ ಪ್ರವಾಹ ಕ್ಷೇತ್ರವನ್ನೇ ವಿರೋಧಿಸುತ್ತದೆ ಎಂದು ನೀವು ಎಣಿಸಿಕೊಂಡಿರುವಂತಿದೆ. ಹಾಗೆ ಎಣಿಸಿದರೆ ಕ್ಷೇತ್ರ ಒಳಮುಖವಾಗಿರುವಷ್ಟು ಹೊತ್ತೂ ಅಪ್ರದಕ್ಷಿಣ ಎಂಬ ಉತ್ತರವೇ ಬರುತ್ತದೆ. ಆದರೆ 1834ರಲ್ಲಿ ಹೈನ್ರಿಕ್ ಲೆನ್ಸ್ ಪ್ರಕಟಿಸಿದ ನಿಯಮವನ್ನು ಇಂದು ನಾವು ಹೇಳುವುದು ಫ್ಲಕ್ಸ್‌ನ ಬದಲಾವಣೆಯ ಲೆಕ್ಕದಲ್ಲಿ. ಚೌಕದ ಬಾಯಿಯ ಮೂಲಕ ಹಾಯುವ ಫ್ಲಕ್ಸ್ ಹೆಚ್ಚುತ್ತಿದ್ದರೆ ಪ್ರವಾಹ ಅದನ್ನು ತಗ್ಗಿಸಲು ನೋಡುತ್ತದೆ, ಕಡಿಮೆಯಾಗುತ್ತಿದ್ದರೆ ತುಂಬಿಕೊಡಲು ನೋಡುತ್ತದೆ. ಬದಲಾವಣೆಯೇ ಇಲ್ಲದಿದ್ದರೆ ಅದಕ್ಕೆ ಕೆಲಸವೂ ಇಲ್ಲ.

ಹಾಗಾಗಿ ದಿಕ್ಕನ್ನು ಬರೆಯುವ ಮುನ್ನ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳಬೇಕು. ಫ್ಲಕ್ಸ್ ಯಾವ ಕಡೆಗಿದೆ? ಅದು ಏರುತ್ತಿದೆಯೋ ಇಳಿಯುತ್ತಿದೆಯೋ? ಮೊದಲನೆಯದನ್ನು ಚಿತ್ರವೇ ಹೇಳುತ್ತದೆ. ಎರಡನೆಯದನ್ನು ಚೌಕದ ಚಲನೆಯಿಂದ ನಾವೇ ಕಂಡುಕೊಳ್ಳಬೇಕು. ನನ್ನ ತರಗತಿಯಲ್ಲಿ ತಪ್ಪು ಬರುವುದೆಲ್ಲ ಈ ಎರಡನೆಯ ಪ್ರಶ್ನೆಯನ್ನು ಹಾರಿಸಿದಾಗಲೇ.

ನಿಮ್ಮ ಲೆಕ್ಕಕ್ಕೆ ಅಂಕಿಗಳನ್ನು ಕೊಟ್ಟು ನೋಡೋಣ. ಚೌಕದ ಬದಿ 10 ಸೆಂ.ಮೀ., ಅದರ ಒಟ್ಟು ರೋಧ 0.02 ಓಮ್. ಕ್ಷೇತ್ರ 0.5 ಟೆಸ್ಲಾ, ಪುಟದ ಒಳಮುಖ. ಪಟ್ಟಿಯ ಅಗಲ 20 ಸೆಂ.ಮೀ. ಚೌಕವನ್ನು ಸೆಕೆಂಡಿಗೆ 20 ಸೆಂ.ಮೀ. ವೇಗದಲ್ಲಿ ಬಲಕ್ಕೆ ಎಳೆಯುತ್ತಿದ್ದೇವೆ.

ಚೌಕ ಪಟ್ಟಿಯೊಳಗೆ ನುಗ್ಗಲು ಅರ್ಧ ಸೆಕೆಂಡ್ ಬೇಕು. ಆ ಅರ್ಧ ಸೆಕೆಂಡಿನಲ್ಲಿ ಒಳಮುಖ ಫ್ಲಕ್ಸ್ ಸೊನ್ನೆಯಿಂದ 0.005 ವೆಬರ್‌ಗೆ ಏರುತ್ತದೆ. ಏರಿಕೆಯನ್ನು ತಡೆಯಬೇಕಾದರೆ ಪ್ರೇರಿತ ಪ್ರವಾಹದ ಸ್ವಂತ ಕ್ಷೇತ್ರ ಚೌಕದೊಳಗೆ ಹೊರಮುಖವಾಗಿರಬೇಕು. ಬಲಗೈ ಹೆಬ್ಬೆರಳನ್ನು ಪುಟದಿಂದ ನಿಮ್ಮ ಕಡೆಗೆ ಚಾಚಿ ಬೆರಳುಗಳನ್ನು ಮಡಿಸಿ: ಅವು ಅಪ್ರದಕ್ಷಿಣವಾಗಿ ಸುತ್ತುತ್ತವೆ. ವಿದ್ಯುತ್ ಚಾಲಕ ಬಲ 0.005 ಭಾಗಿಸು 0.5, ಅಂದರೆ 0.01 ವೋಲ್ಟ್. ಪ್ರವಾಹ 0.5 ಆಂಪಿಯರ್.

ಮುಂದಿನ ಅರ್ಧ ಸೆಕೆಂಡ್ ಚೌಕ ಪೂರ್ತಿ ಪಟ್ಟಿಯೊಳಗೇ ಸಾಗುತ್ತದೆ. ಫ್ಲಕ್ಸ್ 0.005 ವೆಬರ್‌ನಲ್ಲೇ ನಿಂತಿದೆ, ಆದ್ದರಿಂದ ಪ್ರವಾಹವಿಲ್ಲ. ‘ಚೌಕ ಚಲಿಸುತ್ತಿದೆಯಲ್ಲ, ತಂತಿ ಬಲರೇಖೆಗಳನ್ನು ಕತ್ತರಿಸುತ್ತಿದೆಯಲ್ಲ’ ಎಂಬ ಅನುಮಾನ ಇಲ್ಲಿ ಬರುವುದು ಸಹಜ, ಅದು ಒಳ್ಳೆಯ ಅನುಮಾನವೇ. ಬಲಬದಿಯ ತಂತಿ ರೇಖೆಗಳನ್ನು ಕತ್ತರಿಸುತ್ತಿದೆ, ಅದರಲ್ಲಿ 0.01 ವೋಲ್ಟ್ ಹುಟ್ಟುತ್ತಿದೆ ಮತ್ತು ಪ್ರವಾಹವನ್ನು ಮೇಲಕ್ಕೆ ತಳ್ಳುತ್ತಿದೆ. ಎಡಬದಿಯ ತಂತಿಯಲ್ಲೂ ಅಷ್ಟೇ ವೋಲ್ಟ್ ಹುಟ್ಟಿ ಪ್ರವಾಹವನ್ನು ಮೇಲಕ್ಕೇ ತಳ್ಳುತ್ತಿದೆ. ಚೌಕದ ಸುತ್ತು ಹಿಡಿದು ಹೋದರೆ ಇವೆರಡೂ ಒಂದಕ್ಕೊಂದು ಎದುರಾಗಿ ನಿಂತಿವೆ, ಹಾಗಾಗಿ ಸುತ್ತಿನ ಮೊತ್ತ ಸೊನ್ನೆ. ಚೌಕದ ಮೇಲಂಚು ಕೆಳಅಂಚಿಗಿಂತ 0.01 ವೋಲ್ಟ್ ಎತ್ತರದಲ್ಲಿರುತ್ತದೆ, ಆದರೆ ಸುತ್ತಿನಲ್ಲಿ ಏನೂ ಹರಿಯುವುದಿಲ್ಲ.

ಇನ್ನು ಹೊರಬರುವ ಹಂತ. ಫ್ಲಕ್ಸ್ ಈಗಲೂ ಒಳಮುಖವೇ, ಆದರೆ ಇಳಿಯುತ್ತಿದೆ. ಇಳಿಕೆಯನ್ನು ತಡೆಯಬೇಕಾದರೆ ಪ್ರವಾಹದ ಸ್ವಂತ ಕ್ಷೇತ್ರ ಒಳಮುಖವಾಗಿಯೇ ಸೇರಬೇಕು. ಹೆಬ್ಬೆರಳನ್ನು ಪುಟದೊಳಕ್ಕೆ ತಿರುಗಿಸಿದರೆ ಬೆರಳುಗಳು ಪ್ರದಕ್ಷಿಣವಾಗಿ ಸುತ್ತುತ್ತವೆ. ತಂತಿಗಳ ಲೆಕ್ಕವೂ ಇದನ್ನೇ ಹೇಳುತ್ತದೆ. ಬಲಬದಿ ಕ್ಷೇತ್ರದಿಂದ ಆಚೆ ಹೋಗಿದೆ, ಎಡಬದಿ ಮಾತ್ರ ಒಳಗಿದ್ದು ಪ್ರವಾಹವನ್ನು ಮೇಲಕ್ಕೆ ತಳ್ಳುತ್ತಿದೆ. ಎಡಬದಿಯಲ್ಲಿ ಮೇಲಕ್ಕೆ ಹೋದದ್ದು ಬಲಬದಿಯಲ್ಲಿ ಕೆಳಕ್ಕೆ ಇಳಿಯಲೇಬೇಕು.

ಉತ್ತರವನ್ನು ಪರೀಕ್ಷಿಸಲು ಇನ್ನೊಂದು ದಾರಿಯಿದೆ, ಪರೀಕ್ಷೆಯಲ್ಲಿ ಅರ್ಧ ನಿಮಿಷವಿದ್ದರೂ ಅದನ್ನು ಬಳಸಿ ಎನ್ನುತ್ತೇನೆ. ಕ್ಷೇತ್ರದೊಳಗಿರುವ ತಂತಿಯ ಮೇಲಿನ ಬಲ ಯಾವ ಕಡೆಗಿದೆ ಎಂದು ನೋಡಿ. ಒಳಹೋಗುವಾಗ ಬಲಬದಿಯಲ್ಲಿ ಪ್ರವಾಹ ಮೇಲಕ್ಕೆ, ಕ್ಷೇತ್ರ ಒಳಮುಖ, ಆದ್ದರಿಂದ ಬಲ ಎಡಕ್ಕೆ. ಹೊರಬರುವಾಗ ಎಡಬದಿಯಲ್ಲಿ ಪ್ರವಾಹ ಮೇಲಕ್ಕೆ, ಕ್ಷೇತ್ರ ಒಳಮುಖ, ಬಲ ಮತ್ತೆ ಎಡಕ್ಕೇ. ಸುತ್ತಿನಲ್ಲಿ ಪ್ರವಾಹ ತಿರುಗಿದರೂ ಬಲ ಎರಡೂ ಸಲ ಚಲನೆಯನ್ನು ಹಿಂದಕ್ಕೇ ಎಳೆಯುತ್ತದೆ. ನೀವು ಬರೆದಂತೆ ಹೊರಬರುವಾಗಲೂ ಅಪ್ರದಕ್ಷಿಣವಾಗಿದ್ದರೆ ಎಡಬದಿಯ ಮೇಲಿನ ಬಲ ಬಲಕ್ಕಿರುತ್ತಿತ್ತು. ಕೈಬಿಟ್ಟರೂ ಚೌಕ ತಾನೇ ವೇಗ ಹೆಚ್ಚಿಸಿಕೊಂಡು, ತಂತಿಯನ್ನೂ ಬಿಸಿ ಮಾಡಿಕೊಂಡು ಹೊರಟುಬಿಡುತ್ತಿತ್ತು. ಆ ಶಕ್ತಿಯನ್ನು ಕೊಡುವವರು ಯಾರೂ ಇಲ್ಲ.

ಸರಿಯಾದ ಉತ್ತರದಲ್ಲಿ ಶಕ್ತಿಯ ಲೆಕ್ಕ ಪೈಸೆ ಪೈಸೆಗೆ ಹೊಂದುತ್ತದೆ. ಹಿಂದಕ್ಕೆ ಎಳೆಯುವ ಬಲ 0.5 × 0.5 × 0.1, ಅಂದರೆ 0.025 ನ್ಯೂಟನ್. ವೇಗ ಕುಂದದಂತೆ ಎಳೆಯಲು ನಮ್ಮ ಕೈ ಸೆಕೆಂಡಿಗೆ 0.025 × 0.2 = 0.005 ಜೂಲ್ ಕೆಲಸ ಮಾಡಬೇಕು. ತಂತಿಯಲ್ಲಿ ಶಾಖವಾಗುವುದು 0.5 × 0.5 × 0.02, ಅದೂ ಸೆಕೆಂಡಿಗೆ 0.005 ಜೂಲ್. ಚೌಕವನ್ನು ಒಂದು ಕಡೆ ಕತ್ತರಿಸಿದರೆ ಪ್ರವಾಹ ನಿಲ್ಲುತ್ತದೆ, ಹಿಂದೆಳೆಯುವ ಬಲವೂ ಇಲ್ಲವಾಗುತ್ತದೆ. ಕತ್ತರಿಸಿದ ತುದಿಗಳ ನಡುವೆ 0.01 ವೋಲ್ಟ್ ಮಾತ್ರ ಉಳಿಯುತ್ತದೆ. ತಡೆಯುವುದು ಎಂದರೆ ತಡೆದು ನಿಲ್ಲಿಸುವುದು ಎಂದಲ್ಲ ಎಂಬುದನ್ನೂ ಗಮನಿಸಿ: ಫ್ಲಕ್ಸ್ ಏರಿಯೇ ಏರಿತು, ಚೌಕ ಸಾಗಿಯೇ ಸಾಗಿತು.

‘ಪೂರ್ತಿ ಒಳಗಿದ್ದರೆ ಪ್ರವಾಹವಿಲ್ಲ’ ಎಂಬ ಮಾತನ್ನು ಮಾತ್ರ ಬಾಯಿಪಾಠ ಮಾಡಬೇಡಿ. ಅದು ಕ್ಷೇತ್ರ ಎಲ್ಲೆಡೆ ಒಂದೇ ಸಮನಾಗಿದ್ದಾಗ ಮಾತ್ರ ನಿಜ. ಉದ್ದನೆಯ ನೇರ ತಂತಿಯಲ್ಲಿ ಪ್ರವಾಹ ಮೇಲ್ಮುಖವಾಗಿದೆ, ಅದರ ಬಲಕ್ಕೆ ನಿಮ್ಮ ಚೌಕವಿದೆ ಎಂದುಕೊಳ್ಳಿ. ಅಲ್ಲಿ ಕ್ಷೇತ್ರ ಒಳಮುಖ, ಆದರೆ ತಂತಿಯಿಂದ ದೂರ ಹೋದಂತೆ ಕ್ಷೀಣ. ಚೌಕವನ್ನು ಬಲಕ್ಕೆ ಸರಿಸಿದರೆ ಒಳಮುಖ ಫ್ಲಕ್ಸ್ ಇಳಿಯುತ್ತದೆ, ಪ್ರವಾಹ ಪ್ರದಕ್ಷಿಣವಾಗಿ ಹರಿಯುತ್ತದೆ. ಇಲ್ಲೂ ಬಲವನ್ನು ನೋಡಿ: ಚೌಕದ ಹತ್ತಿರದ ಬದಿಯಲ್ಲಿ ಪ್ರವಾಹ ಮೇಲ್ಮುಖವಾಗಿರುತ್ತದೆ, ಒಂದೇ ದಿಕ್ಕಿನ ಪ್ರವಾಹಗಳು ಪರಸ್ಪರ ಸೆಳೆಯುತ್ತವೆ, ಹಾಗಾಗಿ ದೂರ ಸರಿಯುವ ಚೌಕವನ್ನು ತಂತಿ ವಾಪಸ್ ಎಳೆಯುತ್ತದೆ. ಅದೇ ಚೌಕವನ್ನು ತಂತಿಗೆ ಸಮಾಂತರವಾಗಿ ಮೇಲಕ್ಕೆ ಸರಿಸಿದರೆ ಎಷ್ಟೇ ವೇಗವಿದ್ದರೂ ಪ್ರವಾಹವಿಲ್ಲ, ಏಕೆಂದರೆ ತಂತಿಯಿಂದ ಅದರ ದೂರ ಬದಲಾಗುವುದಿಲ್ಲ.

ಇದನ್ನು ಕಾಗದದ ಮೇಲೆ ಬಿಡದೆ ಕಾಲೇಜಿನ ಪ್ರಯೋಗಾಲಯದಲ್ಲಿ ಕಣ್ಣಾರೆ ನೋಡಿ. ಒಂದು ಎಳೆಯ ಚೌಕದಿಂದ ಬರುವ ಪ್ರವಾಹ ಅಲ್ಲಿನ ಗ್ಯಾಲ್ವನೋಮೀಟರ್‌ಗೆ ಸಾಲದೇ ಹೋಗಬಹುದು, ನೂರಾರು ಸುತ್ತಿನ ಸುರುಳಿ ಬೇಕು. ತೋಟದ ನೀರಾವರಿ ಪಂಪ್‌ಗಳ ಮೋಟಾರು ಸುತ್ತುವ ರಿವೈಂಡಿಂಗ್ ಅಂಗಡಿಯಲ್ಲಿ ಎನಾಮೆಲ್ ಹಚ್ಚಿದ ತಾಮ್ರದ ತಂತಿ ಸಿಗುತ್ತದೆ, ಉಳಿದ ತುಂಡು ಕೊಡಿ ಎಂದರೂ ಸಾಕು. ಸುತ್ತುವಾಗಲೇ ಯಾವ ತುದಿಯಿಂದ ಆರಂಭಿಸಿ ಯಾವ ಕಡೆಗೆ ಸುತ್ತಿದಿರಿ ಎಂದು ಸುರುಳಿಯ ಮೇಲೆ ಬಾಣದ ಗುರುತು ಹಾಕಿಡಿ, ಆಮೇಲೆ ನೋಡಿ ಹೇಳುವುದು ಕಷ್ಟ. ಎರಡೂ ತುದಿಗಳ ಎನಾಮೆಲ್ಲನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆಯಿರಿ. ನಮ್ಮ ಮಳೆಗಾಲದಲ್ಲಿ ಹಿತ್ತಾಳೆ ಟರ್ಮಿನಲ್‌ಗಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ, ಅದನ್ನೂ ಉಜ್ಜಿ. ಮುಳ್ಳು ಅಲುಗದಿದ್ದರೆ ನಿಯಮವನ್ನು ಅನುಮಾನಿಸುವ ಮೊದಲು ಈ ಎರಡು ಜಾಗಗಳನ್ನು ನೋಡಬೇಕು.

ಮುಳ್ಳು ಯಾವ ಕಡೆ ವಾಲಿದರೆ ಪ್ರವಾಹ ಯಾವ ಟರ್ಮಿನಲ್‌ನಿಂದ ಒಳಹೊಕ್ಕಿದೆ ಎಂಬುದನ್ನು ಊಹಿಸಬೇಡಿ. 1.5 ವೋಲ್ಟಿನ ಶುಷ್ಕ ಕೋಶವನ್ನು 10,000 ಓಮ್ ರೋಧಕದೊಂದಿಗೆ ಸರಣಿಯಲ್ಲಿ ಜೋಡಿಸಿ ಒಮ್ಮೆ ತೋರಿಸಿ, ಕೋಶದ ಧನ ತುದಿ ತಾಗಿದ ಟರ್ಮಿನಲ್ಲನ್ನು ಮತ್ತು ಮುಳ್ಳು ವಾಲಿದ ಕಡೆಯನ್ನು ಬರೆದಿಡಿ. ರೋಧಕವಿಲ್ಲದೆ ಕೋಶವನ್ನು ನೇರವಾಗಿ ತಾಗಿಸಿದರೆ ಗ್ಯಾಲ್ವನೋಮೀಟರ್ ಕೆಡುತ್ತದೆ. ಆಯಸ್ಕಾಂತದ ಧ್ರುವವನ್ನೂ ಬಣ್ಣ ನೋಡಿ ನಂಬಬೇಡಿ. ದಿಕ್ಸೂಚಿಯ ಉತ್ತರ ತುದಿಯನ್ನು ದೂರ ತಳ್ಳುವುದೇ ಉತ್ತರ ಧ್ರುವ.

ಈಗ ದಂಡಕಾಂತವನ್ನು ಮೇಜಿನ ಮೇಲೆ ಕದಲದಂತೆ ಇಟ್ಟು ಸುರುಳಿಯನ್ನು ಅದರ ಉತ್ತರ ಧ್ರುವದತ್ತ ತನ್ನಿ. ಆಯಸ್ಕಾಂತದ ಕಡೆಯಿಂದ ಸುರುಳಿಯನ್ನು ನೋಡುವವರಿಗೆ ಬಲರೇಖೆಗಳು ತಮ್ಮಿಂದ ಆಚೆಗೆ, ಅಂದರೆ ನಿಮ್ಮ ಚಿತ್ರದ ‘ಒಳಮುಖ’ ದಿಕ್ಕಿನಲ್ಲಿ ಹೋಗುತ್ತವೆ. ಫ್ಲಕ್ಸ್ ಏರುತ್ತಿದೆ, ಆದ್ದರಿಂದ ಆ ಕಡೆಯಿಂದ ನೋಡಿದಾಗ ಪ್ರವಾಹ ಅಪ್ರದಕ್ಷಿಣ. ಸುರುಳಿಯನ್ನು ಹಿಂದಕ್ಕೆ ತೆಗೆದರೆ ಪ್ರದಕ್ಷಿಣ. ಅದೇ ಸುರುಳಿಯನ್ನು ಹಿಂಬದಿಯಿಂದ ನೋಡಿದರೆ ಎರಡೂ ಅದಲುಬದಲಾಗಿ ಕಾಣುತ್ತವೆ, ಹಾಗಾಗಿ ಉತ್ತರದಲ್ಲಿ ‘ಯಾವ ಕಡೆಯಿಂದ ನೋಡಿದಾಗ’ ಎಂಬುದನ್ನು ಬರೆಯದಿದ್ದರೆ ಉತ್ತರ ಅಪೂರ್ಣ. ಮುಳ್ಳು ವಾಲಿದ ಕಡೆಯಿಂದ ಪ್ರವಾಹ ಯಾವ ಟರ್ಮಿನಲ್ ಹೊಕ್ಕಿತು ಎಂದು ಗೊತ್ತಾಗುತ್ತದೆ. ಅಲ್ಲಿಗೆ ಜೋಡಿಸಿದ ತುದಿಯಿಂದಲೇ ಪ್ರವಾಹ ಸುರುಳಿಯನ್ನು ಬಿಟ್ಟು ಹೊರಬಂದಿದೆ. ಇನ್ನು ನಿಮ್ಮ ಬಾಣದ ಗುರುತನ್ನು ಹಿಡಿದು ಸುತ್ತಿನ ದಿಕ್ಕನ್ನು ಹೇಳಬಹುದು.

ಒಂದು ಎಚ್ಚರಿಕೆ. ಸುರುಳಿಯನ್ನು ತಂದ ಕೂಡಲೇ ಹಿಂದಕ್ಕೆಳೆಯಬೇಡಿ. ಒಂದು ಕಡೆ ವಾಲಿದ ಮುಳ್ಳು ಸೊನ್ನೆಗೆ ಮರಳುವಾಗ ತನ್ನ ಓಟದಲ್ಲೇ ಸ್ವಲ್ಪ ಆಚೆಗೆ ದಾಟುತ್ತದೆ, ಅದನ್ನೇ ವಿರುದ್ಧ ಪ್ರವಾಹವೆಂದು ಓದಿಬಿಡುವ ಅಪಾಯವಿದೆ. ಸುರುಳಿಯನ್ನು ಧ್ರುವದ ಬಳಿ ಹಾಗೇ ಹಿಡಿದಿಡಿ, ಮುಳ್ಳು ಸೊನ್ನೆಯಲ್ಲಿ ಪೂರ್ತಿ ನಿಲ್ಲಲಿ, ಆಮೇಲೆ ಒಮ್ಮೆಗೇ ಹಿಂದಕ್ಕೆ ತೆಗೆಯಿರಿ. ಆಗ ಕಾಣುವ ಮೊದಲ ವಾಲುವಿಕೆಯನ್ನು ಮಾತ್ರ ಬರೆದುಕೊಳ್ಳಿ.